ಮೇ ತಿಂಗಳ ಕೊನೆಗೆ ಖಾತೆಯಲ್ಲಿ 456 ರೂಪಾಯಿ ಇರಲಿ

ಸಂಘದ ಅಕ್ಕ-ತಂಗಿಯರೇ,

ಹೋದ ಸಭೆಯಲ್ಲಿ ನಾನು ವಿಮೆಯ ಮಾತು ತೆಗೆದಾಗ ಗೋಡೆಗೆ ಒರಗಿ ಕೂತಿದ್ದ ಒಬ್ಬ ಅಕ್ಕ, "ಕಟ್ಟಿದ ದುಡ್ಡು ಕೊನೆಗೆ ವಾಪಸ್ ಬರುತ್ತಾ?" ಅಂತ ಕೇಳಿದರು. ಬರಲ್ಲ ಅಂದೆ. "ಹಂಗಾದ್ರೆ ಯಾಕಮ್ಮ ಕಟ್ಟಬೇಕು?" ಅಂದರು. ಅಷ್ಟರಲ್ಲಿ ಡೇರಿಗೆ ಹಾಲು ಹಾಕುವ ಹೊತ್ತಾಯಿತೆಂದು ಎಲ್ಲರೂ ಎದ್ದಿರಿ. ಆ ಪ್ರಶ್ನೆಗೆ ಸರಿಯಾಗಿ ಉತ್ತರ ಹೇಳದೆ ಬಂದೆನಲ್ಲ ಎಂಬುದು ಮನಸ್ಸಿನಲ್ಲೇ ಉಳಿದಿತ್ತು. ಅದಕ್ಕೇ ಈ ಕಾಗದ. ಓದಲು ಬರುವವರು ಉಳಿದವರಿಗೆ ನಿಧಾನವಾಗಿ ಓದಿ ಹೇಳಿ.

ಸಂಘದಲ್ಲಿ ವಾರ ವಾರ ಕಟ್ಟುವ ಉಳಿತಾಯ ನಿಮ್ಮ ಹೆಸರಿನಲ್ಲೇ ಇರುತ್ತದೆ, ಬೇಕಾದಾಗ ಸಾಲವಾಗಿ ಕೈಗೆ ಬರುತ್ತದೆ. ವಿಮೆಯ ಕಂತು ಹಾಗಲ್ಲ. ಅದು ಆ ವರ್ಷಕ್ಕೆ ಖರ್ಚಾಗಿ ಹೋಗುತ್ತದೆ. ಊರೂರುಗಳಲ್ಲಿ ಎಷ್ಟೋ ಜನ ಕಟ್ಟಿದ ಸಣ್ಣ ಸಣ್ಣ ಮೊತ್ತ ಒಂದೆಡೆ ಸೇರುತ್ತದೆ, ಆ ವರ್ಷ ಯಾರ ಮನೆಯಲ್ಲಿ ಸಾವಾಯಿತೋ ಅವರ ಮನೆಗೆ ಅದರಿಂದ ಎರಡು ಲಕ್ಷ ಹೋಗುತ್ತದೆ. ನಿಮ್ಮ ಮನೆಯಲ್ಲಿ ಏನೂ ಆಗದಿದ್ದರೆ ನಿಮ್ಮ ದುಡ್ಡು ಬೇರೆ ಯಾರದೋ ಮಕ್ಕಳ ಶಾಲೆ ಫೀಸಿಗೆ ಹೋಯಿತು ಎಂದೇ ಲೆಕ್ಕ. ಇದನ್ನು ಒಪ್ಪಿಕೊಂಡವರು ಮಾತ್ರ ಸೇರಿ. ಹತ್ತು ವರ್ಷ ಕಟ್ಟಿದೆ, ಏನು ಸಿಕ್ಕಿತು ಎಂದು ಆಮೇಲೆ ನೊಂದುಕೊಳ್ಳುವುದು ಬೇಡ.

ನಾನು ಹೇಳುತ್ತಿರುವುದು ಕೇಂದ್ರ ಸರ್ಕಾರ 2015ರ ಮೇ ತಿಂಗಳಲ್ಲಿ ಶುರು ಮಾಡಿದ ಎರಡು ವಿಮೆಗಳ ವಿಚಾರ. ಒಂದು ಪ್ರಧಾನಮಂತ್ರಿ ಜೀವನ ಜ್ಯೋತಿ. ಇದರ ಕಂತು ವರ್ಷಕ್ಕೆ 436 ರೂಪಾಯಿ. ಕಾಯಿಲೆಯಾಗಲಿ, ಅಪಘಾತವಾಗಲಿ, ಸಾವು ಹೇಗೇ ಬಂದರೂ ನೀವು ಹೆಸರು ಬರೆಸಿದವರಿಗೆ 2 ಲಕ್ಷ ಸಿಗುತ್ತದೆ. 18ರಿಂದ 50 ವರ್ಷದೊಳಗಿನವರು ಸೇರಬಹುದು. ಒಮ್ಮೆ ಸೇರಿ ಬಿಡದೆ ಕಟ್ಟುತ್ತಾ ಬಂದರೆ 55ರವರೆಗೆ ನಡೆಯುತ್ತದೆ. ಇನ್ನೊಂದು ಸುರಕ್ಷಾ ವಿಮೆ. ಇದರ ಕಂತು ವರ್ಷಕ್ಕೆ 20 ರೂಪಾಯಿ, ವಯಸ್ಸು 18ರಿಂದ 70. ಇದು ಅಪಘಾತಕ್ಕೆ ಮಾತ್ರ. ಅಪಘಾತದಲ್ಲಿ ಜೀವ ಹೋದರೆ, ಇಲ್ಲವೇ ಎರಡೂ ಕಣ್ಣೋ ಎರಡೂ ಕೈಯೋ ಕಾಲೋ ಹೋದರೆ 2 ಲಕ್ಷ. ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಪೂರ್ತಿ ಹೋದರೆ 1 ಲಕ್ಷ.

ಪೂರ್ತಿ ಎನ್ನುವ ಮಾತನ್ನು ಗಮನಿಸಿ. ಮೇವು ಕತ್ತರಿಸುವ ಮೆಷಿನ್ನಿಗೆ ಎರಡು ಬೆರಳು ಸಿಕ್ಕಿ ಹೋದರೆ ಈ ವಿಮೆಯಲ್ಲಿ ಏನೂ ಬರುವುದಿಲ್ಲ. ಕಾಲು ಮುರಿದು ಮೂರು ತಿಂಗಳು ಮಲಗಿದರೂ ಬರುವುದಿಲ್ಲ. ಆಸ್ಪತ್ರೆ ಬಿಲ್ಲನ್ನು ಈ ಎರಡೂ ಕಟ್ಟಿಕೊಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ "ವಿಮೆ ಮಾಡಿಸಿದ್ದೆವು, ಮೋಸವಾಯಿತು" ಎನ್ನುವವರಲ್ಲಿ ಅನೇಕರು ಆಸ್ಪತ್ರೆ ಖರ್ಚು ಸಿಗುತ್ತದೆಂದು ನಂಬಿದ್ದವರು. ಹಾಗೆಯೇ ಸಂಘಕ್ಕೆ ಸಾಲ ಕೊಡುವಾಗ ಬ್ಯಾಂಕಿನವರು ಮಾಡಿಸುವ ಸಾಲದ ವಿಮೆ ಬೇರೆ. ಅದರ ದುಡ್ಡು ಮೊದಲು ಸಾಲಕ್ಕೆ ಜಮೆಯಾಗುತ್ತದೆ. ಅದೊಂದಿದೆ ಎಂದು ಇದನ್ನು ಬಿಡಬೇಡಿ.

ಎರಡೂ ಸೇರಿ 456 ರೂಪಾಯಿ, ಅಂದರೆ ವಾರಕ್ಕೆ ಒಂಬತ್ತು ರೂಪಾಯಿಗೂ ಕಡಿಮೆ. ಆದರೆ ಈ ದುಡ್ಡನ್ನು ಯಾರ ಕೈಗೂ ಕೊಡಬೇಕಾಗಿಲ್ಲ, ಸಂಘದ ಖಾತೆಯಿಂದಲೂ ಹೋಗುವುದಿಲ್ಲ. ನಿಮ್ಮ ನಿಮ್ಮ ಸ್ವಂತ ಉಳಿತಾಯ ಖಾತೆಯಿಂದ, ಬ್ಯಾಂಕಿನದಾಗಲಿ ಅಂಚೆ ಕಚೇರಿಯದಾಗಲಿ, ವರ್ಷಕ್ಕೊಮ್ಮೆ ತಾನಾಗಿ ಕಡಿತವಾಗುತ್ತದೆ. ವಿಮೆಯ ವರ್ಷ ಜೂನ್ 1ರಿಂದ ಮೇ 31. ಮೊದಲ ಸಲ ಅರ್ಜಿಗೆ ಸಹಿ ಹಾಕಿದರೆ ಮುಂದಿನ ವರ್ಷಗಳ ಕಂತನ್ನು ಮೇ ಕೊನೆಯ ವಾರದಲ್ಲಿ ಬ್ಯಾಂಕೇ ತೆಗೆದುಕೊಳ್ಳುತ್ತದೆ.

ಎಡವಟ್ಟಾಗುವುದೂ ಇಲ್ಲಿಯೇ. ಕೆಲವು ವರ್ಷದ ಹಿಂದೆ ಒಬ್ಬ ಹೆಣ್ಣುಮಗಳ ಜೊತೆ ನಾನೇ ಒಂದು ಬ್ಯಾಂಕಿಗೆ ಹೋಗಿದ್ದೆ. ಅವಳ ತಾಯಿ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ತಾಯಿಯ ಪಾಸ್‌ಬುಕ್ಕಿನೊಳಗೆ ವಿಮೆಗೆ ಸೇರಿದ ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಜೋಪಾನವಾಗಿ ಇಟ್ಟಿದ್ದರು. ಕೌಂಟರಿನಲ್ಲಿದ್ದವರು ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿ ಕೊಟ್ಟರು. ಮೊದಲ ಎರಡು ವರ್ಷ ಮೇ ತಿಂಗಳಲ್ಲಿ ಕಡಿತವಾಗಿದೆ. ಮೂರನೇ ಮೇ ತಿಂಗಳಲ್ಲಿ ಖಾತೆಯಲ್ಲಿದ್ದದ್ದು ನೂರಹತ್ತು ರೂಪಾಯಿ. ಕಡಿತವಾಗಿಲ್ಲ, ವಿಮೆ ಅಲ್ಲಿಗೇ ನಿಂತಿದೆ. ಯಾರೂ ಆ ತಾಯಿಗೆ ಹೇಳಿರಲಿಲ್ಲ. ಜೂನ್ ಎರಡನೇ ವಾರದಲ್ಲಿ ಕೂಲಿ ದುಡ್ಡು ಜಮೆಯಾಗಿತ್ತು, ಅಷ್ಟೊತ್ತಿಗೆ ದಿನ ಮೀರಿತ್ತು. ಆ ಹುಡುಗಿ ರಸೀದಿಯನ್ನು ಮತ್ತೆ ಅದೇ ಮಡಿಕೆಯಲ್ಲಿ ಮಡಿಸಿ ಇಟ್ಟುಕೊಂಡಳು.

ಹಾಗಾಗಿ ಸಂಘದಿಂದ ನಾನು ಕೇಳುವುದು ಇಷ್ಟು. ಮೇ 20ರ ಹೊತ್ತಿಗೆ ಪ್ರತಿಯೊಬ್ಬರ ಖಾತೆಯಲ್ಲಿ 456 ರೂಪಾಯಿ ಇದೆಯೇ ಎಂದು ಸಭೆಯಲ್ಲಿ ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳಿ. ಕನಿಷ್ಠ ಬ್ಯಾಲೆನ್ಸ್ ಇಡಬೇಕಾದ ಖಾತೆಯಾದರೆ ಅದರ ಮೇಲೆ ಇಷ್ಟು ಇರಬೇಕು. ಜೂನ್ ಮೊದಲ ಸಭೆಗೆ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬರಲಿ. ಜೀವನ ಜ್ಯೋತಿಗೆ PMJJBY ಎಂದೂ ಸುರಕ್ಷಾ ವಿಮೆಗೆ PMSBY ಎಂದೂ ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರದಲ್ಲಿ ಅಚ್ಚಾಗಿರುತ್ತದೆ. 436 ಒಂದು ಸಾಲು, 20 ಇನ್ನೊಂದು ಸಾಲು. ಅದು ಕಂಡರೆ ವಿಮೆ ಇದೆ, ಕಾಣದಿದ್ದರೆ ಅವತ್ತೇ ಬ್ಯಾಂಕಿಗೆ ಹೋಗಿ ಕೇಳಿ. ಎರಡು ಬ್ಯಾಂಕಿನಲ್ಲಿ ಖಾತೆ ಇರುವವರು ಎರಡೂ ಕಡೆ ಸೇರಿದರೆ ಸಿಗುವುದು ಒಂದೇ 2 ಲಕ್ಷ, ಇನ್ನೊಂದು ಕಂತು ಸುಮ್ಮನೆ ಹೋಗುತ್ತದೆ. ಒಂದು ಕಡೆಯದನ್ನು ನಿಲ್ಲಿಸಿ.

ಈಗ ಒಂದು ಉದಾಹರಣೆ ಇಟ್ಟುಕೊಂಡು ಕ್ಲೇಮಿನ ದಾರಿ ನೋಡೋಣ. ನಲವತ್ತೆರಡು ವರ್ಷದ ಒಬ್ಬ ಅಕ್ಕ ಅಕ್ಟೋಬರ್ 10ರಂದು ಎರಡಕ್ಕೂ ಸೇರಿದರು ಅಂದುಕೊಳ್ಳಿ. ವರ್ಷದ ನಡುವೆ ಸೇರಿದ್ದರಿಂದ ಜೀವನ ಜ್ಯೋತಿಗೆ ಆ ವರ್ಷ 342 ರೂಪಾಯಿ ಸಾಕು. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಸೇರುವವರಿಗೆ ಅಷ್ಟೇ. ಸುರಕ್ಷಾಕ್ಕೆ 20 ರೂಪಾಯಿಯೇ. ಅಕ್ಟೋಬರ್ 25ರ ಸಂಜೆ ಬದುವಿನ ಮೇಲೆ ಹುಲ್ಲು ಕೊಯ್ಯುವಾಗ ಹಾವು ಕಚ್ಚಿತು, ರಾತ್ರಿ ತೀರಿಕೊಂಡರು. ಮನೆಯವರಿಗೆ ಎಷ್ಟು ಬರುತ್ತದೆ?

ಜೀವನ ಜ್ಯೋತಿಯಲ್ಲಿ ಹೊಸದಾಗಿ ಸೇರಿದವರಿಗೆ ಮೊದಲ 30 ದಿನ ಕಾಯಿಲೆಯ ಸಾವಿಗೆ ದುಡ್ಡಿಲ್ಲ ಎಂಬ ನಿಯಮವಿದೆ. ಕಾಯಿಲೆ ಗಟ್ಟಿಯಾದ ಮೇಲೆ ಓಡಿಬಂದು ಸೇರುವುದನ್ನು ತಡೆಯಲು ಅದು. ಆದರೆ ಅಪಘಾತದ ಸಾವಿಗೆ ಆ ತಡೆ ಇಲ್ಲ. ಹಾವು ಕಡಿತ ಅಪಘಾತದ ಲೆಕ್ಕಕ್ಕೇ ಬರುತ್ತದೆ. ಆದ್ದರಿಂದ ಎರಡೂ ವಿಮೆ ಸೇರಿ 4 ಲಕ್ಷ. ಅದೇ ದಿನ ಎದೆನೋವಿನಿಂದ ಹೋಗಿದ್ದರೆ ಒಂದು ರೂಪಾಯಿಯೂ ಇಲ್ಲ. ಡಿಸೆಂಬರ್‌ನಲ್ಲಿ ಎದೆನೋವಾಗಿದ್ದರೆ ಜೀವನ ಜ್ಯೋತಿಯ 2 ಲಕ್ಷ ಇದೆ. ವರ್ಷ ವರ್ಷ ಬಿಡದೆ ಕಟ್ಟುವವರಿಗೆ ಈ 30 ದಿನ ಮತ್ತೆ ಬರುವುದಿಲ್ಲ. ನಡುವೆ ಕಡಿದುಹೋಗಿ ಮತ್ತೆ ಸೇರಿದರೆ ಬರುತ್ತದೆ.

ಈ 4 ಲಕ್ಷ ನಿಂತಿರುವುದು ಒಂದು ಚೀಟಿಯ ಮೇಲೆ. ಹಾವು ಕಡಿತ, ಮರದಿಂದ ಬೀಳುವುದು ಇಂಥವಕ್ಕೆ ಕೂಡಲೇ ಪಡೆದ ಆಸ್ಪತ್ರೆಯ ದಾಖಲೆ ಬೇಕು. ರಸ್ತೆ ಅಪಘಾತ, ನೀರಿನಲ್ಲಿ ಮುಳುಗುವುದು, ಕೊಲೆ ಇಂಥವಕ್ಕೆ ಪೊಲೀಸರ ಎಫ್‌ಐಆರ್ ಮತ್ತು ಪಂಚನಾಮೆ ಬೇಕು. ನಾಟಿ ಔಷಧಿ, ಮಂತ್ರ ಅಂತ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಜೀವ ಹೋಗಿ, ಹೊಲದಲ್ಲೇ ಮಣ್ಣು ಮಾಡಿದರೆ, ಹಾವೇ ಕಚ್ಚಿದ್ದು ಎಂದು ಊರೆಲ್ಲ ಸಾಕ್ಷಿ ಹೇಳಿದರೂ ಕಾಗದದಲ್ಲಿ ಏನೂ ಇರುವುದಿಲ್ಲ. ಮೊದಲು ಆಸ್ಪತ್ರೆಗೆ ಹೋಗಿ ಎನ್ನುವುದು ವಿಮೆಗಾಗಿ ಅಲ್ಲ, ಜೀವ ಉಳಿಸುವ ಇಂಜೆಕ್ಷನ್ ಇರುವುದು ಅಲ್ಲಿಯೇ. ಹೋದ ಮೇಲೆ ಒಂದು ಕೆಲಸ ಮಾಡಿ: ಚೀಟಿಯಲ್ಲಿ "ಹಾವು ಕಡಿತ" ಎಂದೇ ಬರೆದಿದೆಯೇ ನೋಡಿ. ಗಾಬರಿಯಲ್ಲಿ "ಪ್ರಜ್ಞೆ ತಪ್ಪಿದೆ" ಎಂದಷ್ಟೇ ಬರೆದಿದ್ದರೆ ಡಾಕ್ಟರಿಗೆ ಹೇಳಿ ಸೇರಿಸಿ ಬರೆಸಿ. ಮರಣೋತ್ತರ ಪರೀಕ್ಷೆ ಆದರೆ ಅದರ ವರದಿಯನ್ನೂ ಇಟ್ಟುಕೊಳ್ಳಿ.

ಇನ್ನು ಮರಣ ಪ್ರಮಾಣಪತ್ರ. ಸಾವಾದ 21 ದಿನದೊಳಗೆ ನೋಂದಣಿ ಮಾಡಿಸಿದರೆ ತಕರಾರಿಲ್ಲ, ತಡವಾದಷ್ಟೂ ಅಲೆದಾಟ. ಸತ್ತವರ ಹೆಸರು ಆಧಾರ್‌ನಲ್ಲಿ, ಪಾಸ್‌ಬುಕ್ಕಿನಲ್ಲಿ ಇರುವಂತೆಯೇ ಬರೆಸಿ. ಮನೆಯಲ್ಲಿ ಕರೆಯುವ ಹೆಸರು ಬೇಡ. ನಂತರ ಸತ್ತವರ ಖಾತೆ ಇದ್ದ ಶಾಖೆಗೇ ಹೋಗಬೇಕು, ವಿಮಾ ಕಂಪನಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅಲ್ಲಿ ಕ್ಲೇಮ್ ಫಾರಂ ತುಂಬಿ, ಮರಣ ಪ್ರಮಾಣಪತ್ರ, ಆಸ್ಪತ್ರೆ ಅಥವಾ ಪೊಲೀಸ್ ಕಾಗದ, ನಾಮಿನಿಯ ಆಧಾರ್ ಮತ್ತು ನಾಮಿನಿಯ ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್ ಕೊಡಬೇಕು. ಎರಡು ವಿಮೆಗೂ ಬೇರೆ ಬೇರೆ ಫಾರಂ. ಒಂದನ್ನು ಕೊಟ್ಟು, ಎರಡೂ ಆಯಿತೆಂದು ಬಂದುಬಿಡಬೇಡಿ. ಕನ್ನಡದ ಫಾರಂ jansuraksha.gov.in ತಾಣದಲ್ಲಿದೆ, ಓದುವ ಮಕ್ಕಳು ತೆಗೆದುಕೊಡುತ್ತಾರೆ. ಇದೆಲ್ಲ 30 ದಿನದೊಳಗೆ ಆಗುವುದು ಒಳ್ಳೆಯದು. ಕೊಟ್ಟ ಕಾಗದಕ್ಕೆ ಸೀಲು, ತಾರೀಖು ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ. ಸ್ವೀಕೃತಿ ಇಲ್ಲದೆ ಬಂದರೆ ಆಮೇಲೆ ವಿಚಾರಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ದುಡ್ಡು ನಾಮಿನಿಯ ಖಾತೆಗೇ ನೇರವಾಗಿ ಬರುತ್ತದೆ. ನಡುವೆ ಯಾರಾದರೂ "ಮಂಜೂರು ಮಾಡಿಸುತ್ತೇನೆ" ಎಂದು ಕಮಿಷನ್ ಕೇಳಿದರೆ, ಫೋನಿನಲ್ಲಿ ಒಟಿಪಿ ಕೇಳಿದರೆ ಕೊಡಬೇಡಿ. ವಿಚಾರಿಸಬೇಕಾದರೆ 1800-180-1111 ಉಚಿತ ಸಂಖ್ಯೆ ಇದೆ.

ನಾಮಿನಿ ಯಾರು ಎಂಬುದನ್ನು ಯೋಚಿಸಿ ಬರೆಸಿ. ತೀರಿಹೋದ ಅತ್ತೆಯ ಹೆಸರೇ ಉಳಿದಿದ್ದರೆ ದುಡ್ಡಿಗಾಗಿ ವಾರಸುದಾರರೆಂದು ತೋರಿಸುವ ಕಾಗದ ಮಾಡಿಸಿಕೊಂಡು ಓಡಾಡಬೇಕಾಗುತ್ತದೆ. ಹದಿನೆಂಟು ತುಂಬದ ಮಗಳ ಹೆಸರು ಬರೆಸಬಹುದು, ಆದರೆ ಅವಳ ಪರವಾಗಿ ಪಡೆಯುವ ದೊಡ್ಡವರೊಬ್ಬರ ಹೆಸರನ್ನೂ ಬರೆಯಲೇಬೇಕು. ಯಾರ ಹೆಸರು ಬರೆಸಿದಿರೋ ಅವರಿಗೆ ಮನೆಗೆ ಹೋಗಿ ಹೇಳಿ. ಗಂಡನಿಗೆ ಗೊತ್ತಿಲ್ಲ, ಮಕ್ಕಳಿಗೆ ಗೊತ್ತಿಲ್ಲ, ಅರ್ಜಿ ತುಂಬಿಕೊಟ್ಟವರಿಗೆ ಮರೆತಿದೆ ಎಂದರೆ ಆ ದುಡ್ಡನ್ನು ಕೇಳುವವರೇ ಇರುವುದಿಲ್ಲ.

ಅದಕ್ಕೆ ಸಂಘದ ನಿರ್ಣಯ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದು ಪಟ್ಟಿ ಮಾಡಿ: ಸದಸ್ಯೆಯ ಹೆಸರು, ಯಾವ ಶಾಖೆ, ಯಾವ ವಿಮೆ, ನಾಮಿನಿ ಯಾರು, ಈ ವರ್ಷ ಕಡಿತವಾದ ತಾರೀಖು. ಖಾತೆ ಸಂಖ್ಯೆ ಬೇಡ. ಮುಂದಿನ ಮಂಗಳವಾರ ಬರುವಾಗ ನಾನು ಇಪ್ಪತ್ತು ಅರ್ಜಿ ಫಾರಂ ತರುತ್ತೇನೆ. ಪಾಸ್‌ಬುಕ್, ಆಧಾರ್ ತನ್ನಿ, ನಾಮಿನಿಯ ಆಧಾರ್‌ನ ಜೆರಾಕ್ಸನ್ನೂ ತನ್ನಿ. ಐವತ್ತು ತುಂಬಲು ಕೆಲವೇ ತಿಂಗಳಿರುವ ಅಕ್ಕಂದಿರು ಮೊದಲು ಬನ್ನಿ. ಗೋಡೆಗೆ ಒರಗಿ ಕೂತಿದ್ದ ಆ ಅಕ್ಕನಿಗೂ ಮುಂದಿನ ಸಾಲಿನಲ್ಲಿ ಜಾಗ ಇಟ್ಟಿರಿ. ಇಷ್ಟು ಕೇಳಿದ ಮೇಲೂ ಬೇಡ ಅಂದರೆ ಅದು ಅವರ ಇಷ್ಟ, ಆದರೆ ಅವರ ಎರಡನೇ ಪ್ರಶ್ನೆಗೆ ಈ ಸಲ ಪೂರ್ತಿ ಉತ್ತರ ಹೇಳಿಯೇ ಏಳುತ್ತೇನೆ.

ಇಂತಿ,
ನಿಮ್ಮ ಆರ್ಥಿಕ ಸಾಕ್ಷರತಾ ಕಾರ್ಯಕರ್ತೆ