ಅಳತೆ ಹೇಳಿದ ನಿಮಿಷ ಸಾಲದು, ಪ್ರಶ್ನೆ ಕೇಳಿದ ನಿಮಿಷ ಹುಡುಕಿ

ಮೇ ಕೊನೆಯ ವಾರ. ಪಕ್ಕದ ಊರಿನ ಹುಡುಗನೊಬ್ಬ ಗೊಬ್ಬರದ ಅಂಗಡಿಯಿಂದ ಫೋನ್ ಮಾಡಿದ. "ಅಕ್ಕಾ, 200 ಲೀಟರ್ ಡ್ರಮ್ಮಿಗೆ 20 ಕೆಜಿ ಮೈಲುತುತ್ತ ಬೇಕಲ್ವಾ? ಅಂಗಡಿಯವರು ಅಷ್ಟ್ಯಾಕೆ ಅಂತಿದಾರೆ."

ಅಂಗಡಿಯವರು ಕೇಳಿದ್ದು ಸರಿಯಾಗಿತ್ತು. ಅಡಿಕೆಯ ಕೊಳೆರೋಗಕ್ಕೆ ಮಳೆಗೆ ಮುಂಚೆ ಹೊಡೆಯೋದು ಶೇ. 1ರ ಬೋರ್ಡೋ ದ್ರಾವಣ. 100 ಲೀಟರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಅಂದರೆ 200 ಲೀಟರಿಗೆ ಎರಡೆರಡು ಕೆಜಿ ಸಾಕು. ಈ ಹುಡುಗ ಹತ್ತು ಪಟ್ಟು ಕೊಳ್ಳೋಕೆ ಹೊರಟಿದ್ದ.

"ಯಾರು ಹೇಳಿದ್ರು?" ಅಂದೆ. "ವಿಡಿಯೋದಲ್ಲಿ ವಿಜ್ಞಾನಿಗಳೇ ಹೇಳಿದಾರೆ ಅಕ್ಕಾ, ನಾನೇ ಕೇಳಿದೀನಿ" ಅಂದ. ಅವನು ಸುಳ್ಳು ಹೇಳ್ತಿರಲಿಲ್ಲ.

ಆ ವಿಡಿಯೋ ತರಿಸಿಕೊಂಡೆ. ಅಡಿಕೆ ಮತ್ತು ತೆಂಗಿನ ರೋಗಗಳ ಬಗ್ಗೆ ರೈತರ ಜೊತೆ ನಡೆದ ಮಾತುಕತೆಯ ರೆಕಾರ್ಡಿಂಗ್, 1 ಗಂಟೆ 52 ನಿಮಿಷ. ಅಷ್ಟುದ್ದ ನೋಡೋಕೆ ಪುರುಸೊತ್ತಿಲ್ಲ ಅಂತ ಅವನು ಟ್ರಾನ್ಸ್‌ಕ್ರಿಪ್ಟ್ ತೆರೆದು, "ಮೈಲುತುತ್ತ" ಅಂತ ಹುಡುಕಿ, 41:12ಕ್ಕೆ ಹಾರಿದ್ದ. ಅಲ್ಲಿ ನಿಜಕ್ಕೂ "ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಹತ್ತು ಲೀಟರ್ ನೀರು" ಅಂತಲೇ ಇತ್ತು. ಆದರೆ 40:20ಕ್ಕೆ ರೈತರೊಬ್ಬರು ಕೇಳಿದ್ದು ತೆಂಗಿನ ಸುಳಿ ಕೊಳೆಯ ಬಗ್ಗೆ. ಕೊಳೆತ ಭಾಗ ತೆಗೆದ ಮೇಲೆ ಹಚ್ಚುವ ಬೋರ್ಡೋ ಮುಲಾಮಿನ ಅಳತೆ ಅದು, ಅಡಿಕೆ ಗೊನೆಗೆ ಹೊಡೆಯುವ ದ್ರಾವಣದ್ದಲ್ಲ. ದ್ರಾವಣದ ಮಾತು ಬಂದದ್ದು 1:08:30ರ ಆಸುಪಾಸಿನಲ್ಲಿ.

ಟ್ರಾನ್ಸ್‌ಕ್ರಿಪ್ಟ್ ನೋಡೋದೇ ತಪ್ಪು ಅಂತ ನಾನು ಹೇಳೋಲ್ಲ. ಉದ್ದ ವಿಡಿಯೋದಿಂದ ಕೆಲಸಕ್ಕೆ ಬರುವ ಮಾತು ತೆಗೆಯೋಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಆದರೆ ನಮ್ಮ ಹುಡುಗರು ಸಂಖ್ಯೆ ಹೇಳಿದ ಕ್ಷಣವನ್ನು ಹುಡುಕಿ ಅಲ್ಲಿಗೇ ನಿಲ್ಲಿಸ್ತಾರೆ. ಹುಡುಕಬೇಕಾದ್ದು ಆ ಸಂಖ್ಯೆ ಯಾವ ಪ್ರಶ್ನೆಗೆ ಉತ್ತರವಾಗಿ ಬಂತು ಅನ್ನೋ ಕ್ಷಣ.

ಹುಡುಕೋದು ಹೀಗೆ

ಯೂಟ್ಯೂಬ್ ಆಪ್‌ನಲ್ಲಿ ವಿಡಿಯೋದ ಹೆಸರಿನ ಹತ್ತಿರ ಇರುವ `...more` ಒತ್ತಿ, ಕೆಳಗೆ ಸರಿಸಿ. `Show transcript` ಅಂತ ಕಾಣುತ್ತೆ. ಒತ್ತಿದರೆ ಮಾತೆಲ್ಲ ಸಮಯದ ಸಮೇತ ಸಾಲು ಸಾಲಾಗಿ ಬರುತ್ತೆ. ಯಾವ ಸಾಲು ಮುಟ್ಟುತ್ತೀರೋ ವಿಡಿಯೋ ಅಲ್ಲಿಗೆ ಹೋಗುತ್ತೆ.

ಅಲ್ಲಿ ಹುಡುಕುವ ಪೆಟ್ಟಿಗೆ ಕಾಣದಿದ್ದರೆ ಕ್ರೋಮ್ ತೆರೆದು ಅದರಲ್ಲೇ ಯೂಟ್ಯೂಬ್‌ಗೆ ಹೋಗಿ. ಮೂರು ಚುಕ್ಕಿಯ ಮೆನುವಿನಲ್ಲಿ `Desktop site` ಆರಿಸಿ, ಟ್ರಾನ್ಸ್‌ಕ್ರಿಪ್ಟ್ ತೆರೆದು, ಮತ್ತೆ ಅದೇ ಮೆನುವಿನ `Find in page` ಬಳಸಿ. ಅಕ್ಷರ ಸಣ್ಣದಾಗಿ ಕಾಣುತ್ತೆ, ಆದರೆ ಕೆಲಸ ಆಗುತ್ತೆ.

ಕ್ಯಾಪ್ಶನ್ ಇಲ್ಲದ ವಿಡಿಯೋಗೆ ಟ್ರಾನ್ಸ್‌ಕ್ರಿಪ್ಟ್ ಕೂಡ ಇರೋಲ್ಲ. ಅಂಥ ಕಡೆ ಕಾಮೆಂಟ್ ನೋಡಿ. ಯಾರಾದರೂ 41:12 ಅಂತ ಬರೆದಿದ್ದರೆ ಅದನ್ನು ಮುಟ್ಟಿದರೆ ಸಾಕು, ವಿಡಿಯೋ ಅಲ್ಲಿಗೆ ಹಾರುತ್ತೆ.

ಯಾವ ಪದ ಹುಡುಕಬೇಕು

ಕ್ಯಾಪ್ಶನ್ ಹೆಚ್ಚಾಗಿ ಯಂತ್ರ ಕೇಳಿಸಿಕೊಂಡು ಬರೆದದ್ದು. ನಮ್ಮ ಈ ವಿಡಿಯೋದಲ್ಲೇ "ಬೋರ್ಡೋ" ಹೋಗಿ ಎಷ್ಟೋ ಕಡೆ "ಬಾರ್ಡರ್" ಆಗಿತ್ತು. ಬೋರ್ಡೋ ಅಂತ ಮಾತ್ರ ಹುಡುಕಿದ್ದರೆ 1:08:30ರ ಮಾತು ಸಿಗ್ತಾನೇ ಇರಲಿಲ್ಲ. ಹಾಗಾಗಿ ಔಷಧಿಯ ಹೆಸರಿಗಿಂತ ಅದರ ಜೊತೆ ಬರಲೇಬೇಕಾದ ಊರ ಮಾತನ್ನು ಹುಡುಕಿ. ನಾನು "ಸುಣ್ಣ" ಅಂತ ಹುಡುಕಿದೆ. ಯಂತ್ರ ಆ ಪದವನ್ನು ತಪ್ಪಾಗಿ ಬರೆದಿರಲಿಲ್ಲ, ಎರಡೂ ಜಾಗ ಸಿಕ್ಕವು.

ಒಂದು ಜಾಗ ಸಿಕ್ಕಿದ ತಕ್ಷಣ ನಿಲ್ಲಿಸಬೇಡಿ. ಆ ಪದ ಬಂದ ಎಲ್ಲ ಜಾಗಗಳನ್ನೂ ನೋಡಿ. ಎರಡು ಕಡೆ ಎರಡು ಅಳತೆ ಸಿಕ್ಕರೆ ಒಂದು ತಪ್ಪು ಅಂತಲ್ಲ, ಎರಡು ಬೇರೆ ಕೆಲಸ ಇರಬಹುದು. ಪ್ರತಿ ಜಾಗದಿಂದ ಸಾಲುಗಳನ್ನು ಮೇಲಕ್ಕೆ ಓದುತ್ತಾ ಹೋಗಿ. ಯಾವ ಬೆಳೆ, ಯಾವ ರೋಗ, ಹೊಡೆಯೋದೋ ಹಚ್ಚೋದೋ, ಈ ಮೂರೂ ಗೊತ್ತಾಗುವ ತನಕ ಮೇಲೆ ಹೋಗಬೇಕು. ಇಲ್ಲಿ ಬರೀ 52 ಸೆಕೆಂಡು ಹಿಂದೆ ಹೋಗಿದ್ದರೆ ಸಾಕಿತ್ತು.

ಆಮೇಲೆ ಆ ತುಂಡನ್ನು ಕಣ್ಣಿಂದಲೂ ನೋಡಿ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕೈ ಕಾಣೋಲ್ಲ. 1:09ರ ಹತ್ತಿರ "ಇದನ್ನ ಅದಕ್ಕೆ ಹೀಗೆ ಹಾಕ್ತಾ ಕಲಸಬೇಕು" ಅನ್ನೋ ಸಾಲಿದೆ. ಯಾವುದನ್ನ ಯಾವುದಕ್ಕೆ? ವಿಡಿಯೋ ನೋಡಿದರೆ ಮಾತ್ರ ಗೊತ್ತಾಗುತ್ತೆ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಿದ್ದಾರೆ. ತಿರುಗಾಮುರುಗಾ ಮಾಡಿದರೆ ದ್ರಾವಣ ಸರಿಯಾಗಿ ಕೂಡೋಲ್ಲ. ಆಮೇಲೆ ಮಾತಿಲ್ಲದೆ ಒಂದು ಚಾಕು ಅದ್ದಿ ತೋರಿಸುತ್ತಾರೆ. ಚಾಕಿನ ಮೇಲೆ ಕೆಂಪು-ಕಂದು ಬಣ್ಣ ಕೂತರೆ ತಾಮ್ರ ಹೆಚ್ಚಿದೆ, ಇನ್ನಷ್ಟು ಸುಣ್ಣದ ನೀರು ಬೇಕು ಅಂತ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಈ ಚಾಕಿನ ಸುದ್ದಿಯೇ ಇಲ್ಲ.

ಕಳಿಸೋದು ಹೀಗೆ

ವಾಟ್ಸಾಪ್‌ನಲ್ಲಿ 41:12 ಅಂತ ಬರೆದರೆ ಅದು ಬರೀ ಅಂಕಿ, ಮುಟ್ಟಿದರೆ ಏನೂ ಆಗೋಲ್ಲ. ಸಮಯವನ್ನು ಲಿಂಕಿನೊಳಗೇ ಸೇರಿಸಬೇಕು. ನಿಮಿಷವನ್ನು 60ರಿಂದ ಗುಣಿಸಿ, ಸೆಕೆಂಡು ಕೂಡಿಸಿ. 41:12 ಅಂದರೆ 2460 ಮತ್ತು 12, ಒಟ್ಟು 2472. ಆದರೆ ನಾನು ಕಳಿಸುವುದು ಪ್ರಶ್ನೆ ಶುರುವಾಗುವ 40:20, ಅಂದರೆ 2420. ಲಿಂಕಿನ ಕೊನೆಗೆ ಹೀಗೆ ಸೇರಿಸಿ, `VIDEOID` ಜಾಗದಲ್ಲಿ ನಿಮ್ಮ ವಿಡಿಯೋದ ಗುರುತು ಇರುತ್ತೆ:

```
https://youtu.be/VIDEOID?t=2420
```

ಆಪ್‌ನ ಶೇರ್ ಬಟನ್‌ನಿಂದ ಬರುವ ಲಿಂಕಿನಲ್ಲಿ ಸಾಮಾನ್ಯವಾಗಿ ಆಗಲೇ `?si=` ಅಂತ ಏನೋ ಇರುತ್ತೆ. ಆಗ ಇನ್ನೊಂದು ಪ್ರಶ್ನೆ ಚಿಹ್ನೆ ಹಾಕಬೇಡಿ, ಕೊನೆಗೆ `&t=2420` ಸೇರಿಸಿ. ಕಳಿಸುವ ಮುಂಚೆ ಒಮ್ಮೆ ನೀವೇ ಮುಟ್ಟಿ ನೋಡಿ. ವಿಡಿಯೋ ಮೊದಲಿನಿಂದ ಶುರುವಾದರೆ ಆ ಚಿಹ್ನೆಯಲ್ಲೇ ತಪ್ಪಿರುತ್ತೆ.

ಲಿಂಕಿನ ಮೇಲೆ ಒಂದು ಸಾಲು ಬರೆಯೋದನ್ನು ನಾನು ನಮ್ಮ ಗುಂಪಿನಲ್ಲಿ ಕಡ್ಡಾಯ ಮಾಡಿದೀನಿ: "ತೆಂಗು, ಸುಳಿ ಕೊಳೆ, ಹಚ್ಚುವ ಮುಲಾಮು, 40:20ರಿಂದ 42:00." ಇದನ್ನು ನೋಡಿದವರು ಯಾರೂ ಅಡಿಕೆ ಡ್ರಮ್ಮಿಗೆ ಆ ಅಳತೆ ಹಾಕೋಲ್ಲ. ಎರಡು ಗಂಟೆಯ ವಿಡಿಯೋ ಕಳಿಸಿ "ಚೆನ್ನಾಗಿದೆ, ನೋಡಿ" ಅನ್ನೋರಿಗೆ ನಾವು ಈಗ ಒಂದೇ ಮಾತು ಕೇಳೋದು, "ಎಷ್ಟನೇ ನಿಮಿಷ?" ಕೆಲವರಿಗೆ ಬೇಜಾರಾಗಿದೆ. ಆಗಲಿ. ನಿಮಿಷ ಹೇಳೋಕೆ ಆಗದವರು ಬಹುಶಃ ತಾವೂ ನೋಡಿರೋಲ್ಲ.

ಇನ್ನು ವಿಡಿಯೋ ಮಾಡುವ ಗೆಳೆಯರಿಗೆ ಒಂದು ಕೋರಿಕೆ. ವಿವರಣೆಯಲ್ಲಿ 0:00ರಿಂದ ಶುರುಮಾಡಿ, ಕನಿಷ್ಠ ಮೂರು ಸಮಯ ಮತ್ತು ವಿಷಯ ಕ್ರಮವಾಗಿ ಬರೆದರೆ ಅವೇ ಅಧ್ಯಾಯಗಳಾಗುತ್ತವೆ. ಪ್ರತಿಯೊಂದೂ 10 ಸೆಕೆಂಡಾದರೂ ಇರಬೇಕು. ಹಾಗೆ ಬರೆಯುವಾಗ "ಬೋರ್ಡೋ" ಅಂತಷ್ಟೇ ಬಿಡಬೇಡಿ, ಯಾವ ಬೆಳೆಗೆ, ಹೊಡೆಯೋಕೋ ಹಚ್ಚೋಕೋ ಅಂತಲೂ ಬರೆಯಿರಿ.

ಆ ಹುಡುಗ ಅವತ್ತು 2 ಕೆಜಿ ತಗೊಂಡು ಹೋದ. ಅಂಗಡಿಯವರು ಒಂದು ಮಾತು ಕೇಳದೇ ಇದ್ದಿದ್ದರೆ 18 ಕೆಜಿ ಮೈಲುತುತ್ತದ ದುಡ್ಡು ಹೋಗ್ತಿತ್ತು. ಆ ಮಂದ ದ್ರಾವಣ ಹೇಗೋ ಮರ ಹತ್ತಿದ್ದಿದ್ದರೆ ಗೊನೆಯ ಕಥೆ ಏನಾಗ್ತಿತ್ತೋ. ಎಲ್ಲಾ ತಪ್ಪಿಸೋಕೆ ಬೇಕಿದ್ದದ್ದು 52 ಸೆಕೆಂಡು.