ಒಪ್ಪಿಗೆಗೆ ಮುನ್ನ ವಿಚಾರಣೆ: ಲೆಕ್ಕಪರಿಶೋಧಕನು ಕೇಳುವ ಪ್ರಶ್ನೆಗಳು ವರ್ತಕನಿಗೆ ಅವಮಾನವಲ್ಲ

ತೆರಿಗೆ ಲೆಕ್ಕಪರಿಶೋಧನಾ ವರದಿಯನ್ನು ಸಲ್ಲಿಸಲು ಸಾಮಾನ್ಯವಾಗಿ ಸೆಪ್ಟೆಂಬರ್ 30 ಕೊನೆಯ ದಿನ. ಅದು ಸಮೀಪಿಸುತ್ತಿದ್ದಂತೆ ಕೆಲವು ವರ್ತಕರು ಹಳೆಯ ಲೆಕ್ಕಪರಿಶೋಧಕರನ್ನು ಬಿಟ್ಟು ಹೊಸಬರ ಬಾಗಿಲು ತಟ್ಟುತ್ತಾರೆ. ಹೊಸಬರು ಕಡತವನ್ನು ಕೈಗೆತ್ತಿಕೊಳ್ಳುವ ಮೊದಲು ಹತ್ತಾರು ಪ್ರಶ್ನೆ ಕೇಳಿದರೆ, ಹಳಬರಿಗೆ ಪತ್ರ ಬರೆಯುವುದಾಗಿ ಹೇಳಿದರೆ, ಬಂದವರ ಮುಖ ಬಾಡುತ್ತದೆ. "ಶುಲ್ಕ ಕೊಡುವವರು ನಾವು, ನಮ್ಮ ಮೇಲೆಯೇ ಸಂಶಯವೇ?" ಎಂಬ ಮಾತು ಬರುತ್ತದೆ. ಈ ಬೇಸರಕ್ಕೆ ಆಧಾರವಿಲ್ಲ. ಮಾರುಕಟ್ಟೆಯಲ್ಲಿ ಯಾವ ದಲಾಲರೂ ಹೊಸ ಖರೀದಿದಾರನ ಪತ್ತನ್ನು ವಿಚಾರಿಸದೆ ಮಾಲನ್ನು ಉದ್ದರಿ ಕೊಡುವುದಿಲ್ಲ. ಲೆಕ್ಕಪರಿಶೋಧಕನು ಕೊಡುವುದು ತನ್ನ ಸಹಿಯನ್ನು. ಆ ಸಹಿಯನ್ನು ನಂಬಿ ಬ್ಯಾಂಕು ಸಾಲ ನೀಡುತ್ತದೆ, ತೆರಿಗೆ ಇಲಾಖೆ ಲೆಕ್ಕವನ್ನು ಸ್ವೀಕರಿಸುತ್ತದೆ.

ಈ ವಿಚಾರಣೆ ಲೆಕ್ಕಪರಿಶೋಧಕನ ಇಚ್ಛೆಗೆ ಬಿಟ್ಟ ಸಂಗತಿಯೂ ಅಲ್ಲ. ಮಾಲೀಕರ ಪ್ರಾಮಾಣಿಕತೆ, ಕೆಲಸ ಮುಗಿಸಲು ತನಗಿರುವ ಸಾಮರ್ಥ್ಯ ಮತ್ತು ಸಮಯ, ತನ್ನ ಸ್ವಾತಂತ್ರ್ಯಕ್ಕೆ ಅಡ್ಡಿಯಾಗುವ ಸಂಬಂಧಗಳು, ಇವು ಮೂರನ್ನೂ ತೂಗಿ ನೋಡಬೇಕೆಂದು ವೃತ್ತಿಯ ಗುಣಮಟ್ಟದ ಮಾನದಂಡಗಳು ವಿಧಿಸುತ್ತವೆ. ಹೊಸ ಕಕ್ಷಿದಾರನನ್ನು ಒಪ್ಪುವಾಗಲೂ ಹಳಬನನ್ನು ಉಳಿಸಿಕೊಳ್ಳುವಾಗಲೂ ಇದು ಅನ್ವಯಿಸುತ್ತದೆ. 1949ರ ಸನ್ನದು ಲೆಕ್ಕಿಗರ ಕಾಯ್ದೆಯ ಮೊದಲನೆಯ ಅನುಸೂಚಿಯ ಪ್ರಕಾರ, ಹಿಂದಿನ ಲೆಕ್ಕಪರಿಶೋಧಕನಿಗೆ ಲಿಖಿತವಾಗಿ ತಿಳಿಸದೆ ಆ ಸ್ಥಾನವನ್ನು ಒಪ್ಪಿಕೊಳ್ಳುವುದು ವೃತ್ತಿದುರ್ನಡತೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿ ಭಾಗದ ರೈತರಿಂದ ಹತ್ತಿ ಖರೀದಿಸಿ ಗದಗ-ಬೆಟಗೇರಿಯಲ್ಲಿ ಜಿನ್ನಿಂಗ್ ನಡೆಸುವ ಒಂದು ಪಾಲುದಾರಿಕೆ ಸಂಸ್ಥೆ ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಹೊಸ ಲೆಕ್ಕಪರಿಶೋಧಕನ ಬಳಿಗೆ ಬರುತ್ತದೆ. ಅವನು ಮೊದಲು ಕೇಳುವುದು ಹಿಂದಿನ ಮೂರು ವರ್ಷಗಳ ಆಢಾವೆ ಪತ್ರಿಕೆ ಮತ್ತು ತೆರಿಗೆ ಲೆಕ್ಕಪರಿಶೋಧನಾ ವರದಿಗಳನ್ನು. ವರದಿಯೊಂದಿಗಿರುವ ಪರಿಮಾಣದ ವಿವರದಲ್ಲಿ ಕಳೆದ ವರ್ಷ 10,000 ಕ್ವಿಂಟಲ್ ಹತ್ತಿ ಜಿನ್ನಾಗಿದೆ, 1,700 ಬೇಲು ಅರಳೆ ಬಂದಿದೆ ಎಂದಿದೆ. ನೂರು ಕಿಲೋ ಹತ್ತಿಗೆ ಸುಮಾರು 34 ಕಿಲೋ ಅರಳೆ ಎಂದು ಹಿಡಿದರೂ 3,400 ಕ್ವಿಂಟಲ್ ಅರಳೆ ಬರಬೇಕು. ಒಂದು ಬೇಲಿಗೆ 170 ಕಿಲೋದಂತೆ ಅದು 2,000 ಬೇಲು. ಹಾಗಾದರೆ 300 ಬೇಲು ಎಲ್ಲಿ ಹೋಯಿತು?

ಈ ಅಂತರವನ್ನು ಕಂಡ ಕೂಡಲೇ ಕಳ್ಳಲೆಕ್ಕ ಎಂದು ತೀರ್ಮಾನಿಸುವುದು ತಪ್ಪು. ತಳಿ ಬದಲಾದರೆ, ತೇವಾಂಶ ಹೆಚ್ಚಿದ್ದರೆ, ಇಳುವರಿ ಒಂದೆರಡು ಪ್ರತಿಶತ ಕಡಿಮೆಯಾಗಬಹುದು. ಆದರೆ ಇಲ್ಲಿ ಇಳುವರಿ 34ರಿಂದ 28.9 ಪ್ರತಿಶತಕ್ಕೆ ಇಳಿದಿದೆ. ಮಾಲೀಕರು, "1,500 ಕ್ವಿಂಟಲ್ ಬೇರೆಯವರ ಹತ್ತಿ, ಬಾಡಿಗೆಗೆ ಜಿನ್ ಮಾಡಿ ಅರಳೆಯನ್ನು ಅವರಿಗೇ ಮರಳಿಸಿದ್ದೇವೆ" ಎನ್ನುತ್ತಾರೆ. ಲೆಕ್ಕ ಹಾಕಿದರೆ 1,500 ಕ್ವಿಂಟಲಿಗೆ ಸರಿಯಾಗಿ 300 ಬೇಲು. ಉತ್ತರ ಹೊಂದುತ್ತದೆ. ಆದರೆ ಹೊಂದುವುದು ಸಾಲದು, ಅದಕ್ಕೆ ಸಾಕ್ಷ್ಯ ಬೇಕು. ಬಾಡಿಗೆ ಜಿನ್ನಿಂಗ್‌ನ ವಹಿ ಇದೆಯೇ? ಆದಾಯದ ಬದಿಯಲ್ಲಿ ಜಿನ್ನಿಂಗ್ ಬಾಡಿಗೆ ಜಮೆಯಾಗಿದೆಯೇ? ಎರಡೂ ಇದ್ದರೆ ಸಂಶಯ ಅಲ್ಲಿಗೇ ಮುಗಿಯಿತು. ಪರಿಮಾಣದ ವಿವರವನ್ನು ಸರಿಯಾಗಿ ಬೇರ್ಪಡಿಸಿ ಬರೆದಿಲ್ಲ ಎಂಬ ದೋಷವಷ್ಟೇ ಉಳಿಯುತ್ತದೆ. ಬಾಡಿಗೆಯ ಒಂದು ರೂಪಾಯಿಯೂ ಜಮೆಯಾಗಿರದಿದ್ದರೆ, ಆ ಉತ್ತರ ಲೆಕ್ಕಕ್ಕೆ ಹೊಂದುವಂತೆ ಆಮೇಲೆ ಕಟ್ಟಿದ್ದು ಎಂದೇ ಶಂಕಿಸಬೇಕಾಗುತ್ತದೆ.

ಎರಡನೆಯ ಹೆಜ್ಜೆ ಹಿಂದಿನ ಲೆಕ್ಕಪರಿಶೋಧಕನಿಗೆ ಪತ್ರ. ಇದನ್ನು 'ಆಕ್ಷೇಪಣೆ ಇಲ್ಲವೆಂಬ ಪ್ರಮಾಣಪತ್ರ' ಎಂದು ಕರೆಯುವ ರೂಢಿ ಬೆಳೆದಿದೆ. ಆ ಹೆಸರೇ ತಪ್ಪು ಕಲ್ಪನೆಗೆ ದಾರಿ. ಹಳಬರ ಅನುಮತಿ ಬೇಕೆಂದು ಕಾನೂನು ಹೇಳುವುದಿಲ್ಲ. ಅವರಿಗೆ ತಿಳಿಸಬೇಕು, ಪತ್ರ ತಲುಪಿತೆಂಬ ಪುರಾವೆ ಇರಬೇಕು ಎಂದಷ್ಟೇ ಹೇಳುತ್ತದೆ. ಸಮಂಜಸ ಕಾಲದೊಳಗೆ ಉತ್ತರ ಬಾರದಿದ್ದರೆ ಹೊಸಬನು ಕೆಲಸವನ್ನು ಒಪ್ಪಬಹುದು. ಆದರೆ ಬರುವ ಉತ್ತರದಲ್ಲಿ ಎರಡು ಸಂಗತಿಗಳಿಗೆ ಹೆಚ್ಚಿನ ತೂಕವಿದೆ. ಮೊದಲನೆಯದು ಬಾಕಿ ಶುಲ್ಕ. ಮಾಲೀಕರೂ ಲೆಕ್ಕಪರಿಶೋಧಕರೂ ಸಹಿ ಮಾಡಿದ ಲೆಕ್ಕದಲ್ಲಿ ಪರಿಶೋಧನಾ ಶುಲ್ಕಕ್ಕೆಂದು ಮೊಬಲಗನ್ನು ತೋರಿಸಿದ್ದರೆ ಅದು ನಿರ್ವಿವಾದ ಶುಲ್ಕ. ಅದನ್ನು ಪಾವತಿಸುವವರೆಗೆ, ರೋಗಗ್ರಸ್ತ ಘಟಕಗಳನ್ನು ಬಿಟ್ಟು, ಹೊಸಬನು ಆ ಪರಿಶೋಧನೆಯನ್ನು ಒಪ್ಪುವಂತಿಲ್ಲ. ನಮ್ಮ ಉದಾಹರಣೆಯ ಸಂಸ್ಥೆ 60,000 ರೂಪಾಯಿ ಬಾಕಿ ಉಳಿಸಿದ್ದರೆ, ಮೊದಲು ಅದನ್ನು ಪಾವತಿಸಿ ರಸೀದಿ ತರಬೇಕು. ಎರಡನೆಯದು ಹಿಂದಿನ ವರದಿಯಲ್ಲಿನ ಷರಾ. ದಾಸ್ತಾನನ್ನು ಎಣಿಸಿ ನೋಡಲು ಅವಕಾಶ ಕೊಡಲಿಲ್ಲವೆಂದು ಹಳಬರು ಬರೆದಿದ್ದಕ್ಕೇ ಅವರನ್ನು ಬದಲಿಸಿದ್ದರೆ, ಆ ಷರಾ ಅನ್ಯಾಯವೆಂದು ಹೊಸಬನಿಗೆ ಮನವರಿಕೆಯಾಗದ ಹೊರತು ಕೆಲಸವನ್ನು ಒಪ್ಪುವುದು ಸಲ್ಲದು.

ಮೂರನೆಯ ಪ್ರಶ್ನೆಯನ್ನು ಲೆಕ್ಕಪರಿಶೋಧಕನು ತನಗೇ ಹಾಕಿಕೊಳ್ಳಬೇಕು. ಗಡುವಿಗೆ ಎರಡೇ ವಾರ ಉಳಿದಿರುವಾಗ ವಹಿಗಳನ್ನು ನೋಡಲು ಸಾಧ್ಯವೇ? ಒಬ್ಬ ಲೆಕ್ಕಪರಿಶೋಧಕನು ವರ್ಷಕ್ಕೆ 60ಕ್ಕಿಂತ ಹೆಚ್ಚು ತೆರಿಗೆ ಪರಿಶೋಧನೆ ಒಪ್ಪಬಾರದೆಂಬ ಮಿತಿಯಿದೆ. ಮಿತಿಯೊಳಗಿದ್ದರೂ ಸಮಯವಿಲ್ಲದಿದ್ದರೆ ಇಲ್ಲವೆನ್ನುವುದೇ ಸರಿ.

ಒಪ್ಪಿದ ಮೇಲೆ ವಿಚಾರಣೆ ಮುಗಿಯುವುದಿಲ್ಲ. ಪ್ರತಿ ವರ್ಷವೂ 'ಮುಂದುವರಿಯಬೇಕೇ?' ಎಂದು ಕೇಳಿಕೊಳ್ಳಬೇಕು. ಹಳೆಯ ಸ್ನೇಹ ಈ ಪ್ರಶ್ನೆಯನ್ನು ಸುಲಭವಾಗಿ ಮರೆಸುತ್ತದೆ. ಅದೇ ಸಂಸ್ಥೆಯ ಮಾರ್ಚ್ 31ರ ಆಢಾವೆಯಲ್ಲಿ 600 ಬೇಲು ಅರಳೆ, ಅದೇ ದಿನದ ಬ್ಯಾಂಕಿನ ದಾಸ್ತಾನು ಪಟ್ಟಿಯಲ್ಲಿ 900 ಬೇಲು ಇದ್ದರೆ, "ಬ್ಯಾಂಕಿಗೆ ಕೊಡುವುದು ಬೇರೆ" ಎಂಬ ಉತ್ತರ ಸಾಲದು. ಕ್ಯಾಶ್ ಕ್ರೆಡಿಟ್ ಖಾತೆಗೆ ಬಡ್ಡಿ ತುಂಬುತ್ತಿರುವ ಸಂಸ್ಥೆ ಪಾಲುದಾರರ ಮನೆಯವರ ಇನ್ನೊಂದು ವ್ಯಾಪಾರಕ್ಕೆ ಬಡ್ಡಿಯಿಲ್ಲದೆ ದೊಡ್ಡ ಮೊತ್ತ ಕೊಟ್ಟಿದ್ದರೂ ಹಾಗೆಯೇ. ಇಂಥ ವ್ಯವಹಾರ ದೊಡ್ಡದಾದರೆ ಏನಾಗುತ್ತದೆಂಬುದಕ್ಕೆ ಕರ್ನಾಟಕದ್ದೇ ನಿದರ್ಶನವಿದೆ. ಕಾಫಿ ಡೇ ಸಮೂಹದ ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಪ್ರವರ್ತಕರ ಕುಟುಂಬಕ್ಕೆ ಸೇರಿದ ಕಾಫಿ ತೋಟದ ಕಂಪನಿಗೆ ಹೋಗಿತ್ತೆಂದು ಸೆಬಿ 2023ರ ಜನವರಿಯ ಆದೇಶದಲ್ಲಿ ದಾಖಲಿಸಿತು. ಅದೇ ವರ್ಷ ರಾಷ್ಟ್ರೀಯ ಹಣಕಾಸು ವರದಿಗಾರಿಕೆ ಪ್ರಾಧಿಕಾರವು ಆ ಸಮೂಹದ ಲೆಕ್ಕಪರಿಶೋಧಕರ ವಿರುದ್ಧವೂ ಆದೇಶಗಳನ್ನು ಹೊರಡಿಸಿತು. ಮೊತ್ತ ಎಷ್ಟೇ ಇರಲಿ, ಕೇಳಬೇಕಾದ ಪ್ರಶ್ನೆ ಒಂದೇ: ಹಣ ಯಾರ ಕೈಗೆ ಹೋಯಿತು, ಮರಳಿ ಬರುವುದೇ?

ಉತ್ತರ ಸಿಗದಿದ್ದರೆ ಲೆಕ್ಕಪರಿಶೋಧಕನಿಗೆ ಎರಡು ದಾರಿಗಳಿವೆ: ವರದಿಯಲ್ಲಿ ಷರಾ ಬರೆಯುವುದು, ಇಲ್ಲವೇ ಕೆಲಸವನ್ನು ಬಿಡುವುದು. ಕಂಪನಿಯಾದರೆ ರಾಜೀನಾಮೆಯ ಕಾರಣಗಳನ್ನು 30 ದಿನಗಳೊಳಗೆ ಕಂಪನಿಗಳ ನೋಂದಣಾಧಿಕಾರಿಗೆ ತಿಳಿಸಬೇಕು. ಪಾಲುದಾರಿಕೆ ಸಂಸ್ಥೆಯಲ್ಲಿ ಅಂಥ ವಿಧಿ ಇಲ್ಲವಾದ್ದರಿಂದ, ಹೊಸಬನು ಬರೆಯುವ ಪತ್ರವೊಂದೇ ಕಾರಣ ತಿಳಿಯುವ ದಾರಿ. ಆ ಪತ್ರಕ್ಕೆ ಹಳಬರು ಉತ್ತರಿಸದೆ ಸುಮ್ಮನಿರುವ ರೂಢಿ ಹೆಚ್ಚುತ್ತಿರುವುದು ವೃತ್ತಿಗೇ ಕುಂದು. ಅದನ್ನು ಲೆಕ್ಕಪರಿಶೋಧಕರೇ ತಿದ್ದಿಕೊಳ್ಳಬೇಕು.

ವರ್ತಕರ ಪಾಲಿಗೂ ಕರ್ತವ್ಯವಿದೆ. ಲೆಕ್ಕಪರಿಶೋಧಕರನ್ನು ಬದಲಿಸಬೇಕೆಂದಿದ್ದರೆ ಜೂನ್ ತಿಂಗಳಲ್ಲೇ ಬದಲಿಸಲಿ, ಹಳೆಯ ಶುಲ್ಕದ ರಸೀದಿ, ಮೂರು ವರ್ಷದ ವರದಿ ಮತ್ತು ಬ್ಯಾಂಕಿಗೆ ಕೊಟ್ಟ ದಾಸ್ತಾನು ಪಟ್ಟಿಗಳನ್ನು ಜೊತೆಗೆ ಒಯ್ಯಲಿ. ಒಂದು ಪ್ರಶ್ನೆಯನ್ನೂ ಕೇಳದೆ ಅದೇ ದಿನ ಸಹಿ ಮಾಡಿಕೊಡುವವನನ್ನು ಅರಸುವವರು ಒಂದನ್ನು ನೆನೆಯಬೇಕು: ಅವನು ಯಾರಿಗೂ ಪ್ರಶ್ನೆ ಹಾಕುವುದಿಲ್ಲವೆಂಬುದು ಬ್ಯಾಂಕಿನ ವ್ಯವಸ್ಥಾಪಕರಿಗೂ ಬೇಗನೆ ತಿಳಿಯುತ್ತದೆ. ಆಮೇಲೆ ಪ್ರಾಮಾಣಿಕ ವರ್ತಕನ ಲೆಕ್ಕದ ಮೇಲೆ ಆ ಸಹಿ ಇದ್ದರೂ ಅದಕ್ಕೆ ಬೆಲೆ ಇರುವುದಿಲ್ಲ.