ಅಕ್ಟೋಬರ್ ಲೆಕ್ಕದಲ್ಲಿ ದೀಪಾವಳಿಯೇ ಮಾಯ!

ಹಬ್ಬದ ಏರಿಳಿತ ಬಿಟ್ಟು ವ್ಯಾಪಾರ ನಿಜಕ್ಕೂ ಬೆಳೆದಿದೆಯೇ ಎಂದು ತಿಳಿಯಲು ಕಂಪನಿಗಳು ಕಳೆದ 12 ತಿಂಗಳ ಒಟ್ಟು ಮಾರಾಟವನ್ನು ನೋಡುತ್ತವೆ. ಪ್ರತಿ ಬಾರಿ ಹೊಸ ತಿಂಗಳನ್ನು ಸೇರಿಸಿ, ಹಿಂದಿನ ವರ್ಷದ ಅದೇ ತಿಂಗಳನ್ನು ಕೈಬಿಡುತ್ತಾರೆ. ಮಳೆಗಾಲ, ಮದುವೆ ಸೀಸನ್ ಎಲ್ಲವೂ ಮೊತ್ತದಲ್ಲಿ ಒಮ್ಮೊಮ್ಮೆ ಬರುತ್ತವೆ, ಗ್ರಾಫ್‌ನ ಗೆರೆ ನೇರವಾಗುತ್ತದೆ.

ಆದರೆ ದೀಪಾವಳಿ ಇಂಗ್ಲಿಷ್ ಕ್ಯಾಲೆಂಡರ್ ನೋಡಿಕೊಂಡು ಬರುವುದಿಲ್ಲವಲ್ಲ! 2022ರಲ್ಲಿ ಅಕ್ಟೋಬರ್ 24ಕ್ಕೆ, 2023ರಲ್ಲಿ ನವೆಂಬರ್ 12ಕ್ಕೆ ಬಂತು. 2024ರಲ್ಲಿ ಅಕ್ಟೋಬರ್ ಕೊನೆಗೆ ಬಂದಿದ್ದರಿಂದ ಖರೀದಿ ಬಹುತೇಕ ಆ ತಿಂಗಳಲ್ಲೇ ಮುಗಿಯಿತು.

ಒಂದು ಬಟ್ಟೆ ಅಂಗಡಿಯ ವ್ಯಾಪಾರ ತಿಂಗಳಿಗೆ 10 ಲಕ್ಷ ರೂ., ದೀಪಾವಳಿ ತಿಂಗಳಲ್ಲಿ ಮಾತ್ರ 30 ಲಕ್ಷ ಎಂದುಕೊಳ್ಳಿ. ವರ್ಷದ ಮೊತ್ತ 140 ಲಕ್ಷ ಆಗಬೇಕು. ಆದರೆ 2023ರ ಅಕ್ಟೋಬರ್‌ಗೆ ಮುಗಿದ 12 ತಿಂಗಳಲ್ಲಿ ದೀಪಾವಳಿಯೇ ಇಲ್ಲ, ಮೊತ್ತ 120 ಲಕ್ಷ. 2024ರ ಅಕ್ಟೋಬರ್‌ಗೆ ಮುಗಿದ 12 ತಿಂಗಳಲ್ಲಿ ಎರಡು ದೀಪಾವಳಿ, ಮೊತ್ತ 160 ಲಕ್ಷ. ಒಂದು ಸೀರೆಯೂ ಹೆಚ್ಚು ಮಾರದೆ ಶೇ 33ರಷ್ಟು ‘ಬೆಳವಣಿಗೆ’!

ಈ ಎಡವಟ್ಟು ಅಕ್ಟೋಬರ್‌ಗೆ ಮುಗಿಯುವ ಲೆಕ್ಕದಲ್ಲಷ್ಟೇ. ನವೆಂಬರ್‌ಗೆ ಮುಗಿಯುವ ಮೊತ್ತಗಳನ್ನು ಹೋಲಿಸಿದರೆ ಎರಡೂ ವರ್ಷ ಅದೇ 140 ಲಕ್ಷ.